ರಿವೈಂಡ್ ಆದ ಮೋಟಾರ್ 200 ಆರ್‌ಪಿಎಂ ದಾಟುತ್ತಿಲ್ಲವೇ? ಪಿಚ್ ಮತ್ತು ಲೇಯರ್ ದೋಷ ಹುಡುಕುವ ಬಗೆ

ರಿವೈಂಡ್ ಆಗಿ ಬಂದ ಮೋಟಾರ್. ಬೆಂಚ್ ಮೇಲೆ ಖಾಲಿ ಓಡಿಸಿದರೆ ಒಂದು ತಕರಾರೂ ಇಲ್ಲ. ಮೂರೂ ಫೇಸಿನ ಕರೆಂಟ್ ಸಮ, ಮೆಗ್ಗರ್ ರೀಡಿಂಗ್ ಚೆನ್ನಾಗಿದೆ, ಸ್ಪೀಡ್ 1490ರ ಹತ್ತಿರ. ಅದನ್ನೇ ಲೋಡ್‌ಗೆ ಜೋಡಿಸಿ ಸ್ಟಾರ್ಟ್ ಕೊಟ್ಟರೆ ಗುರ್ ಎನ್ನುತ್ತಾ ತಿರುಗಲು ಶುರು ಮಾಡುತ್ತದೆ. 200 ಆರ್‌ಪಿಎಂ ಆಸುಪಾಸಿಗೆ ಹೋಗಿ ಅಲ್ಲೇ ಅಂಟಿಕೊಳ್ಳುತ್ತದೆ. ಕೆಲವೇ ಸೆಕೆಂಡಿನಲ್ಲಿ ಓವರ್‌ಲೋಡ್ ರಿಲೇ ಟ್ರಿಪ್ ಆಗುತ್ತದೆ. ಸುಟ್ಟುಹೋಗುವ ಮೊದಲು ಇದೇ ಮೋಟಾರ್ ಇದೇ ಲೋಡನ್ನು ಸಲೀಸಾಗಿ ಎಳೆಯುತ್ತಿತ್ತು.

ಈ ಬರಹ ಈ ಒಂದು ದೋಷದ ಬಗ್ಗೆ ಮಾತ್ರ. ಉದಾಹರಣೆಗೆ ತೆಗೆದುಕೊಂಡಿರುವುದು 36 ಸ್ಲಾಟ್, 4 ಪೋಲ್, 50 ಹರ್ಟ್ಸ್‌ನ ತ್ರೀ ಫೇಸ್ ಇಂಡಕ್ಷನ್ ಮೋಟಾರ್. ಲೋಡ್ ಕನ್ವೇಯರ್ ಬೆಲ್ಟ್. ಅಂದರೆ ನಿಂತಲ್ಲಿಂದಲೇ ಪೂರ್ತಿ ಟಾರ್ಕ್ ಕೇಳುವ ಲೋಡ್. ಫ್ಯಾನ್ ಅಥವಾ ಸೆಂಟ್ರಿಫ್ಯೂಗಲ್ ಪಂಪ್ ಆಗಿದ್ದರೆ ಇದೇ ದೋಷ ಕಣ್ಣಿಗೆ ಬೀಳದೆ ಹೋಗಬಹುದು. ಕಡಿಮೆ ಸ್ಪೀಡಿನಲ್ಲಿ ಅವು ಕೇಳುವ ಟಾರ್ಕ್ ತೀರಾ ಕಡಿಮೆ.

ಮೊದಲು ವೈಂಡಿಂಗ್ ಅಲ್ಲದ ಕಾರಣಗಳನ್ನು ಪಕ್ಕಕ್ಕಿಡಿ

ಬೇರಿಂಗ್ ಮತ್ತು ಬೆಲ್ಟ್ ಬಿಗಿತ ಕೈಯಿಂದ ತಿರುಗಿಸಿದರೇ ಗೊತ್ತಾಗುತ್ತದೆ. ಆಮೇಲೆ ಸ್ಟಾರ್ಟ್ ಆಗುವ ಹೊತ್ತಿನಲ್ಲಿ ಟರ್ಮಿನಲ್ ಬಾಕ್ಸಿನಲ್ಲೇ ಮೂರೂ ಲೈನ್ ವೋಲ್ಟೇಜ್ ಅಳೆಯಿರಿ. ಪ್ಯಾನೆಲ್‌ನಲ್ಲಿ ಅಳೆದರೆ ಸಾಲದು, ಕೇಬಲ್‌ನಲ್ಲಿ ಬೀಳುವ ವೋಲ್ಟೇಜ್ ಅಲ್ಲಿ ಕಾಣುವುದಿಲ್ಲ. ಟಾರ್ಕ್ ವೋಲ್ಟೇಜಿನ ವರ್ಗಕ್ಕೆ ತಕ್ಕಂತೆ ಇಳಿಯುತ್ತದೆ. ವೋಲ್ಟೇಜ್ 20 ಶೇಕಡಾ ಬಿದ್ದರೆ ಟಾರ್ಕ್ 36 ಶೇಕಡಾ ಹೋಯಿತು. ಸ್ಟಾರ್ ಡೆಲ್ಟಾ ಸ್ಟಾರ್ಟರ್ ಇದ್ದರೆ ಸ್ಟಾರ್‌ನಲ್ಲಿ ಟಾರ್ಕ್ ಮೂರನೇ ಒಂದು ಭಾಗ ಮಾತ್ರ. ಆದ್ದರಿಂದ ಸಾಧ್ಯವಾದರೆ ಒಂದು ಸಲ ನೇರ ಡೆಲ್ಟಾದಲ್ಲಿ ಹಾಕಿ ನೋಡಿ. ಕೇಬಲ್ ಮತ್ತು ಸಪ್ಲೈ ತಡೆದುಕೊಳ್ಳುತ್ತವೆ ಅನ್ನುವುದು ಖಾತ್ರಿ ಇದ್ದರೆ ಮಾತ್ರ.

ಇಷ್ಟಾದ ಮೇಲೂ ಮೋಟಾರ್ ಅಲ್ಲೇ ನಿಂತರೆ ಟ್ಯಾಕೋಮೀಟರ್ ಹಿಡಿದು ಸ್ಪೀಡ್ ನೋಡಿ. ಇಡೀ ಪರೀಕ್ಷೆಯಲ್ಲಿ ಇದೇ ಮುಖ್ಯ ಅಳತೆ. ಬೇಗ ಮುಗಿಸಿ, ಯಾಕೆಂದರೆ ಈ ಸ್ಥಿತಿಯಲ್ಲಿ ಕರೆಂಟ್ ಸ್ಟಾರ್ಟಿಂಗ್ ಕರೆಂಟಿನಷ್ಟೇ ಇರುತ್ತದೆ. ಹೆಚ್ಚು ಹೊತ್ತು ಬಿಟ್ಟರೆ ಹೊಸ ವೈಂಡಿಂಗ್ ಕೂಡ ಹೋಗುತ್ತದೆ.

ಸುಮ್ನೆ ಬಲ ಸಾಲದ ಮೋಟಾರ್ ಎಲ್ಲಿ ಬೇಕಾದರೂ ನಿಲ್ಲಬಹುದು. ಲೋಡ್ ಸ್ವಲ್ಪ ಇಳಿಸಿದರೆ ಇನ್ನೊಂದು ಸ್ಪೀಡಿಗೆ ಹೋಗುತ್ತದೆ. ನಮ್ಮ ಮೋಟಾರ್ ಹಾಗಲ್ಲ. ಲೋಡ್ ಸ್ವಲ್ಪ ಇಳಿಸಿದರೂ 200ರ ಹತ್ತಿರವೇ ಇರುತ್ತದೆ. ಇನ್ನಷ್ಟು ಇಳಿಸಿದರೆ ಒಂದೇ ಏಟಿಗೆ ಆ ಗಡಿ ದಾಟಿ 1450ಕ್ಕೆ ಹಾರುತ್ತದೆ. ಕ್ಲಚ್ ಇದ್ದರೆ ಖಾಲಿ ಸ್ಟಾರ್ಟ್ ಮಾಡಿ, ಸ್ಪೀಡ್ ಹಿಡಿದ ಮೇಲೆ ಲೋಡ್ ಕೊಡಿ. ಆಗ ಏನೂ ಆಗದವರಂತೆ ಓಡುತ್ತದೆ. ಹೀಗಾದರೆ ನಿಮಗೆ ಬೇಕಾದ ಸುಳಿವು ಸಿಕ್ಕಿತು. 4 ಪೋಲಿನ ಸಿಂಕ್ರೊನಸ್ ಸ್ಪೀಡ್ 1500. ಅದರ ಏಳನೇ ಒಂದು ಭಾಗ 214. ಅದಕ್ಕಿಂತ ಸ್ವಲ್ಪ ಕೆಳಗೆ ಮೋಟಾರ್ ಸಿಕ್ಕಿಹಾಕಿಕೊಂಡಿದೆ ಅಂದರೆ ಏಳನೇ ಹಾರ್ಮೋನಿಕ್, ಅಂದರೆ ಮೂಲ ಫೀಲ್ಡಿನ ಜೊತೆಗೇ ಹುಟ್ಟುವ ಏಳು ಪಟ್ಟು ಪೋಲಿನ ಫೀಲ್ಡ್, ಅದನ್ನು ಹಿಡಿದಿಟ್ಟಿದೆ. ಇದಕ್ಕೆ ಕ್ರಾಲಿಂಗ್ ಅನ್ನುತ್ತಾರೆ.

ಬೆಂಚ್ ಟೆಸ್ಟ್ ಯಾಕೆ ಸುಳಿವು ಕೊಡಲಿಲ್ಲ?

ವೈಂಡಿಂಗ್ ಪರೀಕ್ಷೆಗಳಲ್ಲಿ ಹೆಚ್ಚಿನವು ಹೋಲಿಕೆಯ ಪರೀಕ್ಷೆಗಳು. ಮೂರು ಫೇಸಿನ ರೆಸಿಸ್ಟೆನ್ಸ್ ಸಮ ಇದೆಯಾ, ಕರೆಂಟ್ ಸಮ ಇದೆಯಾ, ಸರ್ಜ್ ಟೆಸ್ಟಿನಲ್ಲಿ ಮೂರೂ ಗೆರೆ ಒಂದರ ಮೇಲೊಂದು ಕೂರುತ್ತವೆಯಾ ಅಂತ ನೋಡುತ್ತೇವೆ. ಒಂದು ಕಾಯಿಲ್ ಗ್ರೂಪ್ ಉಲ್ಟಾ ಜೋಡಿಸಿದ್ದರೆ, ಎಲ್ಲೋ ಸುತ್ತುಗಳು ಶಾರ್ಟ್ ಆಗಿದ್ದರೆ, ಈ ಪರೀಕ್ಷೆಗಳು ತಕ್ಷಣ ಹಿಡಿಯುತ್ತವೆ. ಆದರೆ ಮೂರೂ ಫೇಸಿಗೆ ಒಂದೇ ತಪ್ಪು ಮಾಡಿದ್ದರೆ? ಮೂರೂ ಸಮವಾಗಿಯೇ ಇರುತ್ತವೆ. ಪಿಚ್ ಮತ್ತು ಲೇಯರ್ ತಪ್ಪುಗಳು ಈ ಜಾತಿಯವು. ಮೆಗ್ಗರ್ ಅಂತೂ ಇನ್ಸುಲೇಷನ್ ಬಿಟ್ಟು ಬೇರೆ ಏನನ್ನೂ ಹೇಳುವುದಿಲ್ಲ.

ಹಾಗಾಗಿ ಎಂಡ್ ಕವರ್ ಬಿಚ್ಚಿ ಕಣ್ಣಿನಿಂದಲೇ ನೋಡಬೇಕು. ನೋಡುವ ಮೊದಲು ಈ ಸ್ಟೇಟರ್‌ನ ಲೆಕ್ಕ ತಲೆಯಲ್ಲಿರಲಿ.

36 ಸ್ಲಾಟ್, 4 ಪೋಲ್, ಅಂದರೆ ಒಂದು ಪೋಲಿಗೆ 9 ಸ್ಲಾಟ್. ಅದನ್ನು ಮೂರು ಫೇಸಿಗೆ ಹಂಚಿದರೆ ಪ್ರತಿ ಪೋಲಿಗೆ ಪ್ರತಿ ಫೇಸಿಗೆ 3 ಸ್ಲಾಟ್. ಒಂದು ಪೋಲ್ ಎಂದರೆ ಎಲೆಕ್ಟ್ರಿಕಲ್ ಲೆಕ್ಕದಲ್ಲಿ 180 ಡಿಗ್ರಿ, ಆದ್ದರಿಂದ ಪಕ್ಕಪಕ್ಕದ ಎರಡು ಸ್ಲಾಟಿನ ನಡುವೆ 20 ಡಿಗ್ರಿ. ಫುಲ್ ಪಿಚ್ ಕಾಯಿಲ್ 1ನೇ ಸ್ಲಾಟಿನಿಂದ 10ನೇ ಸ್ಲಾಟಿಗೆ ಹೋಗುತ್ತದೆ. 1–9 ಎಂದರೆ ಒಂದು ಸ್ಲಾಟ್ ಕಡಿಮೆ, 1–8 ಎಂದರೆ ಎರಡು ಕಡಿಮೆ. ಇಲ್ಲಿ ಎಣಿಕೆಯಲ್ಲಿ ಎಡವುವವರು ಬಹಳ. 1–9 ಕಾಯಿಲ್ ದಾಟುವುದು 8 ಸ್ಲಾಟ್, 9 ಅಲ್ಲ. ಬರೀ "ಪಿಚ್ 9" ಅಂತ ಚೀಟಿಯಲ್ಲಿ ಬರೆದಿಟ್ಟರೆ ಒಬ್ಬರು 1–9 ಹಾಕುತ್ತಾರೆ, ಇನ್ನೊಬ್ಬರು 1–10 ಹಾಕುತ್ತಾರೆ. ಎರಡು ಸ್ಲಾಟಿನ ನಂಬರನ್ನೂ ಬರೆಯಿರಿ.

ನಮ್ಮ ಮೋಟಾರಿನ ಹಳೆಯ ವೈಂಡಿಂಗ್ ಡೇಟಾ ಹೀಗಿತ್ತು: ಡಬಲ್ ಲೇಯರ್, 36 ಕಾಯಿಲ್, ಪಿಚ್ 1–9, ಪ್ರತಿ ಕಾಯಿಲ್‌ಗೆ 20 ಸುತ್ತು.

ಎಂಡ್ ಕವರ್ ಬಿಚ್ಚಿದ ಮೇಲೆ

ಓವರ್‌ಹ್ಯಾಂಗ್ ಮೇಲೆ ವಾರ್ನಿಷ್ ಗಟ್ಟಿಯಾಗಿದ್ದರೂ ಎರಡು ಸಂಗತಿ ಕಾಣುತ್ತವೆ. ಒಂದು, ಸ್ಲಾಟಿನ ಬಾಯಿ. ಡಬಲ್ ಲೇಯರ್ ಆಗಿದ್ದರೆ ಒಂದೇ ಸ್ಲಾಟಿನಲ್ಲಿ ಕೆಳಗೊಂದು ಮೇಲೊಂದು ಕಾಯಿಲ್ ಬದಿ ಇರುತ್ತದೆ. ಎರಡರ ನಡುವೆ ಸೆಪರೇಟರ್ ಪೇಪರಿನ ಅಂಚು ಸ್ಲಾಟಿನಿಂದ ಕೆಲವು ಮಿಲಿಮೀಟರ್ ಹೊರಗೆ ಚಾಚಿರುತ್ತದೆ. ಸಿಂಗಲ್ ಲೇಯರ್ ಆದರೆ ಒಂದೇ ಕಟ್ಟು, ಪೇಪರ್ ಇಲ್ಲ. ಎರಡನೆಯದು ಕಾಯಿಲ್‌ಗಳ ಸಂಖ್ಯೆ. ಡಬಲ್ ಲೇಯರ್‌ನಲ್ಲಿ ಸ್ಲಾಟ್ ಎಷ್ಟೋ ಕಾಯಿಲ್ ಅಷ್ಟು. ಸಿಂಗಲ್ ಲೇಯರ್‌ನಲ್ಲಿ ಅದರ ಅರ್ಧ.

ಈ ಮೋಟಾರಿನಲ್ಲಿ ಎಣಿಸಿದರೆ 18 ಕಾಯಿಲ್. ಒಂದೊಂದರಲ್ಲೂ 40 ಸುತ್ತು. ಒಂದು ಫೇಸಿನ ಕಾಯಿಲ್‌ಗಳು ಹೋಗಿರುವ ದಾರಿ ಹೀಗಿದೆ: 2–10, 3–11, 12–19, ಆಮೇಲೆ 20–28, 21–29, 30–1. ಅಂದರೆ ಎರಡು ಕಾಯಿಲ್ 8 ಸ್ಲಾಟ್ ದಾಟಿದರೆ ಒಂದು ಕಾಯಿಲ್ 7 ಸ್ಲಾಟ್ ದಾಟುತ್ತದೆ.

ರಿವೈಂಡ್ ಮಾಡಿದವರನ್ನು ಕೇಳಿದರೆ ಉತ್ತರ ಸಿದ್ಧವಾಗಿರುತ್ತದೆ. "ಸುತ್ತು ಲೆಕ್ಕ ಸರಿ ಇದೆ ಸಾರ್, ಫೇಸಿಗೆ ಮೊದಲೂ 240, ಈಗಲೂ 240. ಪಿಚ್ ಕೂಡ 1–9, 1–8 ಹಾಕಿದ್ದೇವೆ. ಮೊದಲಿಗಿಂತ ಶಾರ್ಟ್ ಇದೆಯಲ್ವಾ?" ಕೇಳಲು ಸರಿಯಾಗಿಯೇ ಇದೆ. ಕಾಯಿಲ್ ನಿಜವಾಗಿಯೂ ಚಿಕ್ಕದು. ತಾಮ್ರವೂ ಸ್ವಲ್ಪ ಉಳಿದಿದೆ. ಆದರೆ ಎಲೆಕ್ಟ್ರಿಕಲ್ ಆಗಿ ಈ ವೈಂಡಿಂಗ್ ಪೂರ್ತಿ ಫುಲ್ ಪಿಚ್.

ಕಾಯಿಲ್ ಚಿಕ್ಕದಾದರೂ ಫುಲ್ ಪಿಚ್ ಹೇಗೆ?

ಆ ಫೇಸಿನ ತಂತಿಗಳು ಯಾವ ಯಾವ ಸ್ಲಾಟಿನಲ್ಲಿವೆ ಅಂತ ಮಾತ್ರ ನೋಡಿ. ಒಂದು ದಿಕ್ಕಿನ ಕರೆಂಟ್ 1, 2, 3ರಲ್ಲಿ. ಉಲ್ಟಾ ದಿಕ್ಕಿನದು 10, 11, 12ರಲ್ಲಿ. ಮತ್ತೆ 19, 20, 21. ಮತ್ತೆ 28, 29, 30. ಗುಂಪಿನಿಂದ ಗುಂಪಿಗೆ ಸರಿಯಾಗಿ 9 ಸ್ಲಾಟ್ ಅಂತರ. ಗಾಳಿಸಂದಿಯಲ್ಲಿ ಹುಟ್ಟುವ ಫೀಲ್ಡ್ ನಿರ್ಧಾರವಾಗುವುದು ಸ್ಲಾಟಿನೊಳಗೆ ಹರಿಯುವ ಕರೆಂಟಿನಿಂದ. ಹೊರಗೆ ಓವರ್‌ಹ್ಯಾಂಗ್‌ನಲ್ಲಿ ಯಾವ ತುದಿಯನ್ನು ಯಾವ ತುದಿಗೆ ಸೇರಿಸಿದ್ದೀರಿ ಅನ್ನುವುದು ಅದಕ್ಕೆ ಬೇಕಿಲ್ಲ. 2ನ್ನು 10ಕ್ಕೆ ಸೇರಿಸಿ, 11ಕ್ಕೆ ಸೇರಿಸಿ, ಸ್ಲಾಟಿನೊಳಗಿನ ಚಿತ್ರ ಬದಲಾಗುವುದಿಲ್ಲ.

ಡಬಲ್ ಲೇಯರ್ 1–9ರಲ್ಲಿ ಮಾತ್ರ ಚಿತ್ರವೇ ಬದಲಾಗುತ್ತದೆ. ಮೇಲಿನ ಲೇಯರ್‌ನಲ್ಲಿ ಈ ಫೇಸ್ 1, 2, 3ರಲ್ಲಿದೆ. ಹಿಂದಿನ ಗ್ರೂಪಿನಿಂದ ಬರುವ ಕಾಯಿಲ್‌ಗಳ ಇನ್ನೊಂದು ಬದಿ ಕೆಳಗಿನ ಲೇಯರ್‌ನಲ್ಲಿ 36, 1, 2ರಲ್ಲಿ ಕೂರುತ್ತದೆ. ಎರಡು ಲೇಯರ್‌ಗಳ ನಡುವೆ ಒಂದು ಸ್ಲಾಟಿನ ಜರುಗು ಬಂತು. ಪ್ರತಿ ಸ್ಲಾಟಿನಲ್ಲಿ ಈ ಫೇಸಿನ ಪಾಲು ಬರೆದರೆ ವ್ಯತ್ಯಾಸ ಹೀಗೆ ಕಾಣುತ್ತದೆ:

```
ಸ್ಲಾಟ್            36    1    2    3
ಸಿಂಗಲ್ ಲೇಯರ್       0    2    2    2
ಡಬಲ್ ಲೇಯರ್ 1–9    1    2    2    1
```

ಮೊದಲನೆಯದು ಗೋಡೆಯಂತೆ ಏರಿ ಗೋಡೆಯಂತೆ ಇಳಿಯುತ್ತದೆ. ಎರಡನೆಯದಕ್ಕೆ ಎರಡೂ ಕಡೆ ಅರ್ಧ ಎತ್ತರದ ಮೆಟ್ಟಿಲು ಸಿಕ್ಕಿದೆ. ಸೈನ್ ಆಕಾರಕ್ಕೆ ಅದೇ ಹತ್ತಿರ.

ಈಗ ಇದನ್ನು ಹಾರ್ಮೋನಿಕ್ ಲೆಕ್ಕದಲ್ಲಿ ನೋಡೋಣ. ಡಬಲ್ ಲೇಯರ್ ವೈಂಡಿಂಗ್ ಎಂದರೆ ಒಂದೇ ಥರದ ಎರಡು ಅರ್ಧ ವೈಂಡಿಂಗ್‌ಗಳು, ಒಂದನ್ನು ಇನ್ನೊಂದಕ್ಕಿಂತ 20 ಡಿಗ್ರಿ ಸರಿಸಿ ಇಟ್ಟಿದ್ದೇವೆ. ಮೂಲ ತರಂಗಕ್ಕೆ 20 ಡಿಗ್ರಿ ಏನೂ ಅಲ್ಲ, ಎರಡೂ ಸೇರಿ 98.5 ಶೇಕಡಾ ಉಳಿಯುತ್ತದೆ. ಏಳನೇ ಹಾರ್ಮೋನಿಕ್‌ಗೆ ಅದೇ ಜರುಗು ಏಳು ಪಟ್ಟು, ಅಂದರೆ 140 ಡಿಗ್ರಿ. ಎರಡು ಅರ್ಧಗಳು ಹೆಚ್ಚುಕಡಿಮೆ ಎದುರುಬದುರಾಗಿ ನಿಂತು ಒಂದನ್ನೊಂದು ಕಡಿಯುತ್ತವೆ. ಉಳಿಯುವುದು 34 ಶೇಕಡಾ ಮಾತ್ರ. ಶಾರ್ಟ್ ಪಿಚ್ ತರಂಗವನ್ನು ಸುಧಾರಿಸುವುದು ಹೀಗೆ. ಸರಿಸಲು ಎರಡು ಲೇಯರ್ ಬೇಕು. ಈ ಥರದ ಸಿಂಗಲ್ ಲೇಯರ್‌ನಲ್ಲಿ ಸರಿಸುವುದಕ್ಕೆ ಇನ್ನೊಂದು ಲೇಯರೇ ಇಲ್ಲ.

ವೈಂಡಿಂಗ್ ಫ್ಯಾಕ್ಟರ್ ಅಂದರೆ ಸುತ್ತುಗಳಲ್ಲಿ ಎಷ್ಟು ಪಾಲು ಆ ತರಂಗಕ್ಕೆ ಕೆಲಸ ಮಾಡುತ್ತದೆ ಅನ್ನುವ ಲೆಕ್ಕ. ಮೇಲಿನ ಪಟ್ಟಿಯಿಂದಲೇ ಅದನ್ನು ತೆಗೆಯಬಹುದು, ಕ್ಯಾಲ್ಕ್ಯುಲೇಟರ್ ಸಾಕು. ಗುಂಪಿನ ನಡುವಿನಿಂದ ಪ್ರತಿ ಸ್ಲಾಟ್ ಎಷ್ಟು ಡಿಗ್ರಿ ದೂರವಿದೆ ಅಂತ ನೋಡಿ. ಏಳನೆಯದಕ್ಕೆ ಆ ಡಿಗ್ರಿಯನ್ನು ಏಳರಿಂದ ಗುಣಿಸಿ.

```
ಸಿಂಗಲ್   k1 = (1 + 2·cos 20°) / 3             =  0.960
         k7 = (1 + 2·cos 140°) / 3            = -0.177
ಡಬಲ್     k1 = (4·cos 10° + 2·cos 30°) / 6     =  0.945
         k7 = (4·cos 70° + 2·cos 210°) / 6    = -0.061
```

ಮೂಲ ತರಂಗ 0.945ರಿಂದ 0.960ಕ್ಕೆ ಹೋಗಿದೆ, ಬರೀ ಒಂದೂವರೆ ಶೇಕಡಾ ವ್ಯತ್ಯಾಸ. ಖಾಲಿ ಓಡುವಾಗ ಕ್ಲಾಂಪ್ ಮೀಟರಿಗೆ ಇದು ಗೊತ್ತಾಗುವುದೇ ಇಲ್ಲ. ಏಳನೆಯದು 0.061ರಿಂದ 0.177ಕ್ಕೆ, ಸುಮಾರು ಮೂರು ಪಟ್ಟು. ಟಾರ್ಕ್ ಅದರ ವರ್ಗಕ್ಕೆ ತಕ್ಕಂತೆ, ಹಾಗಾಗಿ ಏಳನೇ ಹಾರ್ಮೋನಿಕ್‌ನ ಟಾರ್ಕ್ ಎಂಟು ಪಟ್ಟಿಗೂ ಜಾಸ್ತಿ ಆಗಿದೆ.

ಏಳನೇ ಹಾರ್ಮೋನಿಕ್ ಮೂಲ ಫೀಲ್ಡ್ ತಿರುಗುವ ದಿಕ್ಕಿನಲ್ಲೇ, ಅದರ ಏಳನೇ ಒಂದು ಭಾಗದ ವೇಗದಲ್ಲಿ ತಿರುಗುತ್ತದೆ. 28 ಪೋಲಿನ ಇನ್ನೊಂದು ಮೋಟಾರ್ ಒಳಗೆ ಕೂತಂತೆ. 214ರ ಕೆಳಗೆ ಅದು ರೋಟರನ್ನು ಮುಂದಕ್ಕೆ ಎಳೆಯುತ್ತದೆ, 214 ದಾಟಿದರೆ ಹಿಂದಕ್ಕೆ ಜಗ್ಗುತ್ತದೆ. ಟಾರ್ಕ್ ಗೆರೆಯಲ್ಲಿ ಅಲ್ಲೊಂದು ತಗ್ಗು ಬೀಳುತ್ತದೆ. ಆ ತಗ್ಗು ಕನ್ವೇಯರ್ ಕೇಳುವ ಟಾರ್ಕಿಗಿಂತ ಕೆಳಗಿಳಿದರೆ ಮೋಟಾರ್ ಅಲ್ಲೇ ಸಿಕ್ಕಿಕೊಳ್ಳುತ್ತದೆ. ಐದನೇ ಹಾರ್ಮೋನಿಕ್ ಉಲ್ಟಾ ದಿಕ್ಕಿನಲ್ಲಿ 300ರಲ್ಲಿ ತಿರುಗುತ್ತದೆ. ಅದೂ 0.140ರಿಂದ 0.218ಕ್ಕೆ ಏರಿದೆ. ಅದು ಎಲ್ಲೂ ಹಿಡಿದು ನಿಲ್ಲಿಸುವುದಿಲ್ಲ, ಸ್ಟಾರ್ಟ್ ಆಗುವಾಗ ಬ್ರೇಕ್ ಹಾಕಿದಂತೆ ಸ್ವಲ್ಪ ಬಲ ತಿನ್ನುತ್ತದೆ. ಮೂರನೆಯದರ ಚಿಂತೆ ಇಲ್ಲಿ ಬೇಡ. ಮೂರು ಫೇಸ್ ಸಮವಾಗಿದ್ದರೆ ಅದರ ತಿರುಗುವ ಫೀಲ್ಡ್ ತಾನಾಗಿಯೇ ವಜಾ ಆಗುತ್ತದೆ.

ಸರಿಪಡಿಸುವುದು

ಪೂರ್ತಿ ಪರಿಹಾರ ಒಂದೇ. ಮತ್ತೆ ಡಬಲ್ ಲೇಯರ್ 1–9, 36 ಕಾಯಿಲ್, 20 ಸುತ್ತು, ನಡುವೆ ಸೆಪರೇಟರ್. ಸಿಂಗಲ್ ಲೇಯರ್ ಮಾಡುವುದಕ್ಕೆ ಕಾರಣ ಇಲ್ಲದಿಲ್ಲ: ಅರ್ಧದಷ್ಟು ಕಾಯಿಲ್, ಬೇಗ ತುಂಬಿಸಬಹುದು, ಸೆಪರೇಟರ್ ಹಿಡಿಯುವ ಜಾಗವೂ ತಂತಿಗೆ ಸಿಗುತ್ತದೆ. ಕಂಪನಿಯಿಂದಲೇ ಸಿಂಗಲ್ ಲೇಯರ್ ಆಗಿ ಬರುವ ಚಿಕ್ಕ ಮೋಟಾರ್‌ಗಳು ಬೇಕಾದಷ್ಟಿವೆ, ಚೆನ್ನಾಗಿಯೇ ಓಡುತ್ತವೆ. ಅವುಗಳ ರೋಟರ್ ಸ್ಲಾಟ್ ಸಂಖ್ಯೆ, ಬಾರ್‌ಗಳ ಓರೆ ಎಲ್ಲವನ್ನೂ ಅದಕ್ಕೆ ತಕ್ಕಂತೆ ಆರಿಸಿರುತ್ತಾರೆ. ಡಬಲ್ ಲೇಯರ್‌ಗೆ ಅಂತ ಮಾಡಿದ ಮೋಟಾರನ್ನು ಬದಲಾಯಿಸುವುದು ಬೇರೆ ಮಾತು. ನನ್ನನ್ನು ಕೇಳಿದರೆ ಭಾರದ ಸ್ಟಾರ್ಟ್ ಇರುವ ಕಡೆ ಅದನ್ನು ಮಾಡಲೇಬಾರದು.

ಮತ್ತೆ ಬಿಚ್ಚುವ ತನಕ ಕೆಲಸ ನಡೆಯಬೇಕೆಂದರೆ, ಖಾಲಿ ಸ್ಟಾರ್ಟ್ ಮಾಡಿ ಲೋಡ್ ಕೊಡುವುದು ಒಂದು ದಾರಿ. ವಿಎಫ್‌ಡಿ ಇದ್ದರೆ ಇನ್ನೂ ಸುಲಭ. ಫ್ರೀಕ್ವೆನ್ಸಿ ಕೆಳಗಿನಿಂದ ನಿಧಾನಕ್ಕೆ ಏರುವುದರಿಂದ ರೋಟರ್ ಯಾವಾಗಲೂ ಮೂಲ ಫೀಲ್ಡಿನ ಹತ್ತಿರವೇ ಇರುತ್ತದೆ, ಏಳನೇ ಒಂದು ಭಾಗದ ತಗ್ಗಿಗೆ ಬೀಳುವುದಿಲ್ಲ. ಸಾಫ್ಟ್ ಸ್ಟಾರ್ಟರ್ ಹಾಕಲು ಮಾತ್ರ ಹೋಗಬೇಡಿ. ಅದು ವೋಲ್ಟೇಜ್ ಇಳಿಸುತ್ತದೆ, ತೊಂದರೆ ಇನ್ನೂ ಜಾಸ್ತಿ ಆಗುತ್ತದೆ.

"ಇನ್ನೊಂದು ಸ್ಲಾಟ್ ಶಾರ್ಟ್ ಮಾಡಿ 1–8 ಹಾಕಿದರೆ ಇನ್ನೂ ಒಳ್ಳೆಯದಲ್ವಾ?" ಅನ್ನುವ ಪ್ರಶ್ನೆ ಬಂದೇ ಬರುತ್ತದೆ. ಡಬಲ್ ಲೇಯರ್ 1–8ರಲ್ಲಿ ಜರುಗು 40 ಡಿಗ್ರಿ. ಐದನೆಯದಕ್ಕೆ ಅದು 200 ಡಿಗ್ರಿ, ಹೆಚ್ಚುಕಡಿಮೆ ಪೂರ್ತಿ ಅಳಿಸಿಹೋಗುತ್ತದೆ, ಫ್ಯಾಕ್ಟರ್ 0.038ಕ್ಕೆ ಇಳಿಯುತ್ತದೆ. ಏಳನೆಯದಕ್ಕೆ ಅದು 280 ಡಿಗ್ರಿ. ಎದುರುಬದುರು ದಾಟಿ ಮತ್ತೆ ಜೊತೆಯಾಗತೊಡಗಿದೆ, ಫ್ಯಾಕ್ಟರ್ 0.136. ಅಂದರೆ ನಮ್ಮ ಕ್ರಾಲಿಂಗ್ ತೊಂದರೆಗೆ 1–9 ಉತ್ತಮ. ಎರಡನ್ನೂ ಒಟ್ಟಿಗೆ ತಗ್ಗಿಸುವ ಪಿಚ್ ಐದು ಆರಾಂಶ. 9 ಸ್ಲಾಟಿನ ಪೋಲಿನಲ್ಲಿ ಅದು ಏಳೂವರೆ ಸ್ಲಾಟ್ ಆಗುತ್ತದೆ, ಹಾಕಲು ಬರುವುದಿಲ್ಲ. 48 ಸ್ಲಾಟ್, 4 ಪೋಲ್ ಸ್ಟೇಟರ್‌ನಲ್ಲಿ ಒಂದು ಪೋಲಿಗೆ 12 ಸ್ಲಾಟ್, ಅಲ್ಲಿ 1–11 ಹಾಕಿದರೆ ಸರಿಯಾಗಿ ಐದು ಆರಾಂಶ ಸಿಗುತ್ತದೆ.

ಪಿಚ್ ಬದಲಾಯಿಸಿದರೆ ಸುತ್ತನ್ನೂ ಬದಲಾಯಿಸಬೇಕು, ಇದನ್ನು ಮರೆಯುವವರೇ ಹೆಚ್ಚು. 1–9 ಇದ್ದಲ್ಲಿ 1–8 ಹಾಕಿದರೆ ಮೂಲ ತರಂಗದ ಫ್ಯಾಕ್ಟರ್ 0.945ರಿಂದ 0.902ಕ್ಕೆ ಇಳಿಯುತ್ತದೆ. ಸುತ್ತು ಅಷ್ಟೇ ಇಟ್ಟರೆ ಅದೇ ವೋಲ್ಟೇಜಿಗೆ ಸುಮಾರು 5 ಶೇಕಡಾ ಹೆಚ್ಚು ಫ್ಲಕ್ಸ್ ಬೇಕಾಗುತ್ತದೆ. 20 ಸುತ್ತನ್ನು 21 ಮಾಡಿದರೆ ಲೆಕ್ಕ ಸರಿಹೋಗುತ್ತದೆ. ತಪ್ಪಿ 1–7 ಬಿದ್ದರೆ ಫ್ಯಾಕ್ಟರ್ 0.831. ಸುತ್ತು ಬದಲಾಯಿಸದಿದ್ದರೆ ಫ್ಲಕ್ಸ್ ಸುಮಾರು 14 ಶೇಕಡಾ ಜಾಸ್ತಿ, ಕಬ್ಬಿಣ ಸ್ಯಾಚುರೇಟ್ ಆಗುತ್ತದೆ. ಇದರ ಲಕ್ಷಣವೇ ಬೇರೆ: ಮೂರೂ ಫೇಸಿನಲ್ಲಿ ಸಮವಾಗಿ, ಆದರೆ ವಿಪರೀತ ನೋ ಲೋಡ್ ಕರೆಂಟ್, ಖಾಲಿ ಓಡಿದರೂ ಬಿಸಿ. ಖಾತ್ರಿ ಮಾಡಿಕೊಳ್ಳಲು ವೇರಿಯಾಕ್‌ನಲ್ಲಿ ವೋಲ್ಟೇಜ್ 10 ಶೇಕಡಾ ಇಳಿಸಿ ನೋಡಿ. ಕರೆಂಟ್ ಅದಕ್ಕಿಂತ ಬಹಳ ಹೆಚ್ಚು ಇಳಿದರೆ ಸ್ಯಾಚುರೇಷನ್ ಇದೆ.

ಮತ್ತೆ ಸುತ್ತಿಸಿ ತಂದ ಮೇಲೆ ವಾರ್ನಿಷ್ ಹಾಕುವ ಮೊದಲೇ ಕಾಯಿಲ್ ಎಣಿಸಿ, ಯಾವುದಾದರೂ ಒಂದು ಕಾಯಿಲ್‌ನ ಎರಡೂ ಬದಿ ಯಾವ ಸ್ಲಾಟಿನಲ್ಲಿದೆ ಅಂತ ಬೆರಳಿಟ್ಟು ನೋಡಿ. ಆಮೇಲೆ ಲೋಡ್ ಜೊತೆ ಸ್ಟಾರ್ಟ್ ಕೊಟ್ಟಾಗ 200ರ ಹತ್ತಿರ ಸದ್ದು ಬದಲಾಗದೆ ಸೀದಾ ಮೇಲೇರಬೇಕು. ಪೂರ್ತಿ ಸ್ಪೀಡಿನಲ್ಲಿ ಸಣ್ಣಗೆ ಕೀರಲು ಸದ್ದು ಉಳಿದರೆ ಅದಕ್ಕೆ ಪಿಚ್ ಹೊಣೆಯಲ್ಲ. ಈ ಸ್ಟೇಟರ್‌ನ ಸ್ಲಾಟ್ ಹಾರ್ಮೋನಿಕ್‌ಗಳು 17 ಮತ್ತು 19. ಅವುಗಳ ಫ್ಯಾಕ್ಟರ್ ಯಾವ ಪಿಚ್ ಹಾಕಿದರೂ ಮೂಲ ತರಂಗದಷ್ಟೇ ಇರುತ್ತದೆ, ಅವನ್ನು ತಗ್ಗಿಸುವುದು ರೋಟರ್ ಬಾರ್‌ಗಳ ಓರೆ.